ಬಾಕಿಯ ಬಡ್ಡಿ, ಬೇಸ್‌ಮೆಂಟಿನ ಗೆರೆ, ನಾಯಿಯ ಬೆಲ್ಟು: ಫ್ಲ್ಯಾಟ್ ಮಾಲೀಕರಿಗೆ ಬಹಿರಂಗ ಪತ್ರ

ನಮ್ಮ ಸಮುಚ್ಚಯದ 90 ಫ್ಲ್ಯಾಟ್‌ಗಳ ಮಾಲೀಕರಿಗೆ,

ನಮಸ್ಕಾರ.

ಸರ್ವ ಸದಸ್ಯರ ಸಭೆ ಒಪ್ಪಿದ ಬೈಲಾ ತಿದ್ದುಪಡಿಯ ಪೂರ್ಣ ಪ್ರತಿ ಅಸೋಸಿಯೇಷನ್ ಆಫೀಸಿನಲ್ಲಿದೆ. ಅದು ವಕೀಲರ ಭಾಷೆಯಲ್ಲಿದೆ, ಉದ್ದವೂ ಇದೆ. ಎಲ್ಲರೂ ಕೂತು ಓದುತ್ತಾರೆಂಬ ಭ್ರಮೆ ನಮಗಿಲ್ಲ. ಹಾಗಾಗಿ ಮೇಂಟೆನೆನ್ಸ್ ಬಾಕಿ, ಪಾರ್ಕಿಂಗ್, ಸಾಕುಪ್ರಾಣಿ ಈ ಮೂರು ವಿಷಯಗಳಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಎಂಬುದನ್ನು ಮಾತ್ರ ಇಲ್ಲಿ ಬರೆದಿದ್ದೇವೆ.

ತಿದ್ದುವಾಗ ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಈ ನಿಯಮವನ್ನು ಯಾರಾದರೂ ಒಬ್ಬ ಮಾಲೀಕರು ಕೋರ್ಟಿಗೆ ಒಯ್ದರೆ ಅದು ನಿಲ್ಲುತ್ತದೆಯೇ? ನೀರು ಕಡಿತ, ಚಕ್ರಕ್ಕೆ ಬೀಗ, ನಾಯಿ ನಿಷೇಧ ಹೀಗೆ ಹಳೆಯ ಬೈಲಾದಲ್ಲಿ ಗಟ್ಟಿ ದನಿಯಲ್ಲಿದ್ದ ನಿಯಮಗಳೇ ಈ ಪ್ರಶ್ನೆಗೆ ಮೊದಲು ಬಿದ್ದವು. ಹೊಸ ಬೈಲಾದಲ್ಲಿ ಗದರಿಕೆ ಕಡಿಮೆ, ಲೆಕ್ಕ ಜಾಸ್ತಿ.

ಜಾರಿಯ ದಿನಾಂಕದ ಬಗ್ಗೆ ಮೊದಲೇ ಹೇಳಿಬಿಡುತ್ತೇವೆ. ಸಭೆಯಲ್ಲಿ ಕೈ ಎತ್ತಿದ ಮಾತ್ರಕ್ಕೆ ಬೈಲಾ ಬದಲಾಗುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ 16ನೇ ಕಲಮಿನ ಪ್ರಕಾರ, ಬೈಲಾದ ತಿದ್ದುಪಡಿ ಘೋಷಣಾ ಪತ್ರದ, ಅಂದರೆ ನಾವೆಲ್ಲ ‘ಡೀಡ್ ಆಫ್ ಡಿಕ್ಲರೇಷನ್’ ಎನ್ನುವ ದಸ್ತಾವೇಜಿನ, ತಿದ್ದುಪಡಿಯಾಗಿ ದಾಖಲಾಗಬೇಕು. ಅದರ ಪ್ರತಿ ಸಕ್ಷಮ ಪ್ರಾಧಿಕಾರಕ್ಕೂ ಸಲ್ಲಿಕೆಯಾಗಬೇಕು. ಅಲ್ಲಿಯವರೆಗೆ ಅದು ಊರ್ಜಿತವಲ್ಲ. ಆದ್ದರಿಂದ ಆ ಕೆಲಸ ಮುಗಿದ ನಂತರ ಬರುವ ಮೊದಲ ತ್ರೈಮಾಸಿಕದ ಬಿಲ್ಲಿನಿಂದ ಹೊಸ ಲೆಕ್ಕ ಶುರು. ಅದಕ್ಕೂ ಹಿಂದಿನ ಬಾಕಿಗೆ ಹೊಸ ಬೈಲಾ ಅನ್ವಯಿಸುವುದಿಲ್ಲ. ಒಂದೇ ಒಂದು ರಿಯಾಯಿತಿ ಇದೆ, ಅದನ್ನು ಮುಂದೆ ಹೇಳುತ್ತೇವೆ.

ಈಗ ಮೇಂಟೆನೆನ್ಸ್. ಇಲ್ಲಿಯತನಕ ವರ್ಷದ ಖರ್ಚನ್ನು 90ರಿಂದ ಭಾಗಿಸಿ ಎಲ್ಲರಿಗೂ ಒಂದೇ ಮೊತ್ತದ ಬಿಲ್ ಕಳಿಸುತ್ತಿದ್ದೆವು. ಸರಳವಾಗಿತ್ತು, ಆದರೆ ಕಾಯ್ದೆಗೆ ವಿರುದ್ಧವಾಗಿತ್ತು. ಸಾಮಾನ್ಯ ಖರ್ಚನ್ನು ಮಾಲೀಕರ ಮೇಲೆ, ಸಾಮಾನ್ಯ ಪ್ರದೇಶದಲ್ಲಿ ಅವರವರಿಗಿರುವ ಅವಿಭಾಜ್ಯ ಪಾಲಿನ ಶೇಕಡಾವಾರು ಹಂಚಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆ ಶೇಕಡಾ ಘೋಷಣಾ ಪತ್ರದಲ್ಲಿ ಪ್ರತಿ ಫ್ಲ್ಯಾಟಿನ ಎದುರು ನಮೂದಾಗಿದೆ. ಸೂಪರ್ ಬಿಲ್ಟ್‌ಅಪ್ ಚದರಡಿ ಎಷ್ಟು, ಮನೆಯಲ್ಲಿ ಎಷ್ಟು ಜನ ಇದ್ದಾರೆ, ಯಾವ ಮಹಡಿ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ನಮ್ಮಲ್ಲಿ 40 ಸಣ್ಣ ಫ್ಲ್ಯಾಟ್‌ಗಳಿಗೆ ತಲಾ ಶೇ 0.80, 40 ಮಧ್ಯಮ ಫ್ಲ್ಯಾಟ್‌ಗಳಿಗೆ ತಲಾ ಶೇ 1.25, 10 ದೊಡ್ಡ ಫ್ಲ್ಯಾಟ್‌ಗಳಿಗೆ ತಲಾ ಶೇ 1.80 ಪಾಲಿದೆ. ಕೂಡಿದರೆ ನೂರಕ್ಕೆ ನೂರು. ವರ್ಷದ ಬಜೆಟ್ 48 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಹಳೆಯ ರೀತಿಯಲ್ಲಿ ಎಲ್ಲರಿಗೂ ತಿಂಗಳಿಗೆ ಸುಮಾರು 4,444 ರೂಪಾಯಿ ಬೀಳುತ್ತಿತ್ತು. ಹೊಸ ರೀತಿಯಲ್ಲಿ ಸಣ್ಣ ಫ್ಲ್ಯಾಟಿಗೆ 3,200, ಮಧ್ಯಮಕ್ಕೆ 5,000, ದೊಡ್ಡದಕ್ಕೆ 7,200 ಆಗುತ್ತದೆ. “ಸೆಕ್ಯುರಿಟಿಯವರು ದೊಡ್ಡ ಫ್ಲ್ಯಾಟನ್ನು ಹೆಚ್ಚು ಕಾಯುತ್ತಾರಾ?” ಎಂದು ಸಭೆಯಲ್ಲಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಕಾಯ್ದೆ ಆ ಆಯ್ಕೆಯನ್ನು ನಮಗೆ ಬಿಟ್ಟುಕೊಟ್ಟಿಲ್ಲ.

ದೊಡ್ಡ ಫ್ಲ್ಯಾಟಿನವರು ಇನ್ನೊಂದು ಗೆರೆಯ ಮೇಲೂ ಕಣ್ಣಿಟ್ಟಿರಬೇಕು. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದು, ಒಬ್ಬ ಸದಸ್ಯರ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ದಾಟಿದರೆ ಶೇ 18 ಜಿಎಸ್‌ಟಿ ಬರುತ್ತದೆ. ನಮ್ಮ ಬಜೆಟ್ 50 ಲಕ್ಷಕ್ಕೆ ಮುಟ್ಟಿದ ದಿನ ಶೇ 1.80ರ ಫ್ಲ್ಯಾಟಿಗೆ ಬೀಳುವುದು ಸರಿಯಾಗಿ 7,500. ಅಲ್ಲಿಂದ ಮುಂದೆ ಒಂದು ರೂಪಾಯಿ ಏರಿದರೂ ಆ ಹತ್ತು ಫ್ಲ್ಯಾಟ್‌ಗಳು ತೆರಿಗೆಯ ಬಲೆಗೆ ಬೀಳುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಬಜೆಟ್ಟನ್ನು ಅಲ್ಲಿಗೆ ಒಯ್ಯಬಹುದು. ಹಾಗಾಗಿ ಬಜೆಟ್ ಮಂಡಿಸುವಾಗ ಈ 50 ಲಕ್ಷದ ಗೆರೆಯನ್ನು ಖಜಾಂಚಿ ಪ್ರತ್ಯೇಕವಾಗಿ ತೋರಿಸಬೇಕೆಂದು ಬೈಲಾದಲ್ಲೇ ಸೇರಿಸಿದ್ದೇವೆ.

ಫ್ಲ್ಯಾಟಿಗೆ ಬೀಗ ಹಾಕಿದ್ದೇವೆ, ನೆಲಮಹಡಿಯಲ್ಲಿದ್ದೇವೆ, ಲಿಫ್ಟ್ ಹತ್ತುವುದೇ ಇಲ್ಲ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂದು ಬಿಟ್ಟುಕೊಟ್ಟರೂ ಖರ್ಚಿನ ಪಾಲು ತಪ್ಪುವುದಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಬಾಡಿಗೆದಾರರು ಇದ್ದರೂ ಬಿಲ್ ಮಾಲೀಕರ ಹೆಸರಿಗೇ. ಬಾಡಿಗೆ ಕರಾರಿನಲ್ಲಿ ಮೇಂಟೆನೆನ್ಸ್ ಯಾರು ಕಟ್ಟಬೇಕು ಎಂದು ನೀವು ಬರೆದುಕೊಂಡಿರುವುದು ನಿಮ್ಮಿಬ್ಬರ ನಡುವಿನ ವಿಷಯ.

ಬಡ್ಡಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಜಗಳದ ಮುಕ್ಕಾಲು ಪಾಲು ಹುಟ್ಟುವುದು ಅಲ್ಲೇ.

ಹಳೆಯ ಬೈಲಾದಲ್ಲಿ “ತಿಂಗಳಿಗೆ ಶೇ 2 ಬಡ್ಡಿ” ಎಂದಷ್ಟೇ ಇತ್ತು. ಸರಳ ಬಡ್ಡಿಯೋ ಚಕ್ರಬಡ್ಡಿಯೋ, ತಿಂಗಳು ತುಂಬದಿದ್ದರೆ ಏನು ಎಂದು ಬರೆದಿರಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನಷ್ಟಕ್ಕೆ ತಾನೇ ಚಕ್ರಬಡ್ಡಿ ಹಾಕಿತು. ತಿಂಗಳ ಚೂರನ್ನೂ ಇಡೀ ತಿಂಗಳೆಂದು ಎಣಿಸಿತು. ಕರಾರು ಕಾಯ್ದೆಯ ಪ್ರಕಾರ, ತಪ್ಪಿದವರಿಂದ ಸಮಂಜಸವಾದ ಪರಿಹಾರ ಕೇಳಬಹುದೇ ಹೊರತು ಕಾಗದದ ಮೇಲೆ ಬರೆದ ದಂಡವನ್ನೆಲ್ಲ ಕೋರ್ಟು ಕಣ್ಣುಮುಚ್ಚಿ ಕೊಡಿಸುವುದಿಲ್ಲ. ಆದ್ದರಿಂದ ಈಗ ವರ್ಷಕ್ಕೆ ಶೇ 12 ಸರಳ ಬಡ್ಡಿ. ಅಸಲಿನ ಮೇಲೆ ಮಾತ್ರ, ದಿನದ ಲೆಕ್ಕದಲ್ಲಿ.

ತ್ರೈಮಾಸಿಕದ ಮೊದಲ ದಿನ ಬಿಲ್ ಬರುತ್ತದೆ. 15ನೇ ತಾರೀಖಿನೊಳಗೆ ಕಟ್ಟಬೇಕು. 16ರಿಂದ ಬಡ್ಡಿ ಶುರುವಾಗಿ ಹಣ ಬಂದ ಹಿಂದಿನ ದಿನಕ್ಕೆ ನಿಲ್ಲುತ್ತದೆ. ಒಂದು ಮಧ್ಯಮ ಫ್ಲ್ಯಾಟಿನ ಲೆಕ್ಕ ಮಾಡಿ ನೋಡೋಣ. ತ್ರೈಮಾಸಿಕ ಬಿಲ್ 15,000. ಮಾಲೀಕರು ಏಪ್ರಿಲ್ ಬಿಲ್ಲನ್ನೂ ಕಟ್ಟಿಲ್ಲ, ಜುಲೈ ಬಿಲ್ಲನ್ನೂ ಕಟ್ಟಿಲ್ಲ. ಸೆಪ್ಟೆಂಬರ್ 13ಕ್ಕೆ 20,000 ರೂಪಾಯಿ ಕಳಿಸುತ್ತಾರೆ.

ಏಪ್ರಿಲ್ ಬಿಲ್ಲಿಗೆ ಏಪ್ರಿಲ್ 16ರಿಂದ ಸೆಪ್ಟೆಂಬರ್ 12ರವರೆಗೆ 150 ದಿನ. 15,000ಕ್ಕೆ ವರ್ಷದ ಬಡ್ಡಿ 1,800. ಅದನ್ನು 365ರಿಂದ ಭಾಗಿಸಿ 150ರಿಂದ ಗುಣಿಸಿದರೆ 740 ರೂಪಾಯಿ. ಜುಲೈ ಬಿಲ್ಲಿಗೆ ಜುಲೈ 16ರಿಂದ 59 ದಿನ, ಬಡ್ಡಿ 291 ರೂಪಾಯಿ. ಎರಡೂ ಸೇರಿ 1,031. ಇದೇ ಬಾಕಿಗೆ ಹಳೆಯ ಸಾಫ್ಟ್‌ವೇರ್ ಐದು ತಿಂಗಳು ಮತ್ತು ಎರಡು ತಿಂಗಳ ಚಕ್ರಬಡ್ಡಿ ಹಾಕಿ 2,167 ತೋರಿಸುತ್ತಿತ್ತು.

ಇನ್ನು ಆ 20,000 ಯಾವ ಖಾತೆಗೆ ಜಮಾ ಆಗಬೇಕು? ಹಳೆಯ ಬೈಲಾ ಇದರ ಬಗ್ಗೆ ಬಾಯಿಯನ್ನೇ ಬಿಟ್ಟಿರಲಿಲ್ಲ. ಸಾಫ್ಟ್‌ವೇರ್ ಮೊದಲು ಬಡ್ಡಿಯನ್ನು ಮುರಿದುಕೊಂಡು ಉಳಿದದ್ದನ್ನು ಅಸಲಿಗೆ ಹಾಕುತ್ತಿತ್ತು. ಕಟ್ಟಿದವರು “ಏಪ್ರಿಲ್ ಬಿಲ್ ಚುಕ್ತಾ ಮಾಡಿದ್ದೇನೆ” ಎನ್ನುತ್ತಿದ್ದರು, ಲೆಡ್ಜರ್ “ಇಲ್ಲ” ಎನ್ನುತ್ತಿತ್ತು. ಹೊಸ ಕ್ರಮದಲ್ಲಿ ಮೊದಲು ಹಳೆಯ ಬಿಲ್ಲಿನ ಅಸಲು, ಆಮೇಲೆ ಮುಂದಿನ ಬಿಲ್ಲಿನ ಅಸಲು, ಕೊನೆಗೆ ಬಡ್ಡಿ. ಹಾಗೆ ಮಾಡಿದರೆ ಏಪ್ರಿಲ್ ಬಿಲ್ ಪೂರ್ತಿ ಮುಗಿದು ಜುಲೈ ಬಿಲ್ಲಿಗೆ 5,000 ಹೋಗುತ್ತದೆ. ಅಸಲು ಬಾಕಿ 10,000. ಬಡ್ಡಿಯ 1,031 ಪ್ರತ್ಯೇಕ ಕಾಲಮ್ಮಿನಲ್ಲಿ ಸುಮ್ಮನೆ ಕೂತಿರುತ್ತದೆ, ಅದರ ಮೇಲೆ ಬಡ್ಡಿ ಬೆಳೆಯುವುದಿಲ್ಲ. ಅಕ್ಟೋಬರ್ 13ಕ್ಕೆ ಪೂರ್ತಿ ಚುಕ್ತಾ ಮಾಡುವುದಾದರೆ ಉಳಿದ 10,000ಕ್ಕೆ 30 ದಿನದ ಬಡ್ಡಿ 99 ಸೇರಿ ಕಟ್ಟಬೇಕಾದ್ದು 11,130. ಇದರ ಜೊತೆಗೆ ಅಕ್ಟೋಬರ್ ತ್ರೈಮಾಸಿಕದ ಹೊಸ ಬಿಲ್ ಬೇರೆ. ನಿಮ್ಮ ಬಿಲ್ಲಿನಲ್ಲಿ ಅಸಲು, ದಿನಗಳು, ಬಡ್ಡಿ ಈ ಮೂರೂ ಬೇರೆಬೇರೆ ಕಾಣದಿದ್ದರೆ ಆ ಬಿಲ್ ಹೊಸ ಬೈಲಾ ಪ್ರಕಾರ ತಯಾರಾಗಿಲ್ಲ ಎಂದು ತಿಳಿಯಿರಿ. ವಾಪಸ್ ಕಳಿಸಿ.

ಹಿಂದೆ ಹೇಳಿದ ರಿಯಾಯಿತಿ ಇದೇ. ಹಳೆಯ ಬಾಕಿ ಇರುವವರು ಹೊಸ ಬೈಲಾ ಜಾರಿಯಾದ 60 ದಿನಗಳೊಳಗೆ ಅಸಲನ್ನು ಪೂರ್ತಿ ಕಟ್ಟಿದರೆ, ಅವರ ಹಳೆಯ ಬಡ್ಡಿಯನ್ನೂ ಶೇ 12ರ ಸರಳ ಬಡ್ಡಿಗೆ ಇಳಿಸಿ ಲೆಕ್ಕ ಹಾಕುತ್ತೇವೆ. ಈಗಾಗಲೇ ಹಳೆಯ ದರದಲ್ಲಿ ಕಟ್ಟಿ ಮುಗಿಸಿದವರಿಗೆ ಇದು ಬೇಸರದ ವಿಷಯ, ಗೊತ್ತು. ಅವರ ಹೆಚ್ಚುವರಿ ಹಣವನ್ನು ವಾಪಸ್ ಮಾಡಲು ಸಭೆ ಒಪ್ಪಲಿಲ್ಲ.

ಹಣ ಬಂದೂ ಬಾಕಿ ತೋರಿಸುವ ತಕರಾರು ಬಹುಪಾಲು ಶುರುವಾಗುವುದು ಬ್ಯಾಂಕ್ ವರ್ಗಾವಣೆಯ ಷರಾದಲ್ಲಿ. ಮಗನ ಖಾತೆಯಿಂದಲೋ ಬಾಡಿಗೆದಾರರ ಖಾತೆಯಿಂದಲೋ ಬಂದ ಹಣದಲ್ಲಿ ಬರೀ “ಮೇಂಟೆನೆನ್ಸ್” ಎಂದಿದ್ದರೆ ಅದು ಯಾವ ಫ್ಲ್ಯಾಟಿನದೆಂದು ಗೊತ್ತಾಗದೆ ಸಸ್ಪೆನ್ಸ್ ಖಾತೆಯಲ್ಲಿ ಕೂರುತ್ತದೆ. ಷರಾದಲ್ಲಿ ಮೊದಲು ಫ್ಲ್ಯಾಟ್ ನಂಬರ್, ಆಮೇಲೆ ತ್ರೈಮಾಸಿಕ ಬರೆಯಿರಿ. ಹೀಗೆ ಕೂತಿದ್ದ ಹಣದ ಗುರುತು ಆಮೇಲೆ ಸಿಕ್ಕರೆ, ಅದು ಬ್ಯಾಂಕಿಗೆ ಬಂದ ದಿನದಿಂದಲೇ ಜಮಾ ಎಂದು ಲೆಕ್ಕ. ನಡುವಿನ ದಿನಗಳ ಬಡ್ಡಿ ರದ್ದು.

ಕಟ್ಟದಿದ್ದರೆ ಏನಾಗುತ್ತದೆ? 30 ದಿನಕ್ಕೆ ಜ್ಞಾಪನ, 60 ದಿನಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. 90 ದಿನ ದಾಟಿದರೆ ಪದಾಧಿಕಾರಿ ಚುನಾವಣೆಗೆ ನಿಲ್ಲುವ ಅರ್ಹತೆ ಹೋಗುತ್ತದೆ, ಹಾಲ್ ಬುಕಿಂಗ್ ಸಿಗುವುದಿಲ್ಲ. ನೀರು, ವಿದ್ಯುತ್, ಗ್ಯಾಸ್ ಪೈಪು, ಲಿಫ್ಟ್ ಇವುಗಳನ್ನು ಮಾತ್ರ ಮುಟ್ಟುವಂತಿಲ್ಲ. ಹಳೆಯ ಬೈಲಾದಲ್ಲಿದ್ದ ನೀರು ಕಡಿತದ ಕಲಮನ್ನು ಪೂರ್ತಿ ತೆಗೆದಿದ್ದೇವೆ. ಬಾಕಿಯೆಂಬ ಹಣದ ತಕರಾರಿಗೆ ಮನೆಯಲ್ಲಿರುವ ಮಗುವಿನ, ವೃದ್ಧರ ನೀರು ನಿಲ್ಲಿಸಿದರೆ ಕೋರ್ಟಿನಲ್ಲಿ ಉತ್ತರ ಹೇಳಬೇಕಾದವರು ಬಾಕಿದಾರರಲ್ಲ, ವಾಲ್ವ್ ತಿರುಗಿಸಿದ ಅಸೋಸಿಯೇಷನ್. ಲಿಫ್ಟಿನೊಳಗೆ ಬಾಕಿದಾರರ ಹೆಸರು ಅಂಟಿಸುವುದೂ ಇನ್ನಿಲ್ಲ. ಆಡಿಟ್ ಆದ ಲೆಕ್ಕಪತ್ರದಲ್ಲಿ ಫ್ಲ್ಯಾಟ್ ನಂಬರ್ ಮತ್ತು ಮೊತ್ತ ಮಾತ್ರ ಇರುತ್ತದೆ.

ಇದರಿಂದ ಅಸೋಸಿಯೇಷನ್ನಿನ ಹಲ್ಲು ಕಿತ್ತಂತಾಯಿತು ಎಂದು ಕೆಲವರು ಹೇಳಿದರು. ನಿಜವಾದ ಹಲ್ಲು ಇರುವುದು ಬೇರೆ ಕಡೆ. ಕಟ್ಟದೆ ಉಳಿದ ಸಾಮಾನ್ಯ ಖರ್ಚು ಕಾಯ್ದೆಯ ಪ್ರಕಾರ ಆ ಫ್ಲ್ಯಾಟಿನ ಮೇಲಿನ ಋಣಭಾರ. ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಯ ತೆರಿಗೆ, ಮೊದಲ ಅಡಮಾನದ ಸಾಲ ಇವೆರಡನ್ನು ಬಿಟ್ಟರೆ ಉಳಿದೆಲ್ಲಕ್ಕಿಂತ ಅದು ಮುಂದೆ ನಿಲ್ಲುತ್ತದೆ. ಫ್ಲ್ಯಾಟ್ ಮಾರಿದರೆ ಕೊಂಡವರೂ ಮಾರಿದವರ ಜೊತೆಗೆ ಆ ಬಾಕಿಗೆ ಹೊಣೆ. ಇದಕ್ಕೆ ಕೊಳ್ಳುವವರ ರಕ್ಷಣೆಯೂ ಅಲ್ಲೇ ಇದೆ: ಅವರು ಅಸೋಸಿಯೇಷನ್ನಿನಿಂದ ಬಾಕಿ ಪಟ್ಟಿ ಕೇಳಿ ಪಡೆಯಬಹುದು. ಆ ಪಟ್ಟಿಯಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚಿಗೆ ಹಳೆಯ ಬಾಕಿ ಅವರ ಮೇಲೆ ಬೀಳುವುದಿಲ್ಲ. ಹಾಗಾಗಿ ಆಫೀಸಿನಲ್ಲಿ ಯಾರೋ ಬಾಯಿಮಾತಲ್ಲಿ “ಏನೂ ಬಾಕಿ ಇಲ್ಲ ಬಿಡಿ” ಎಂದದ್ದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ, ಬರಹದಲ್ಲಿ ಪಡೆಯಿರಿ. ಅರ್ಜಿ ಕೊಟ್ಟ ಏಳು ದಿನದೊಳಗೆ ಪಟ್ಟಿ ಕೊಡಬೇಕು, ಶುಲ್ಕವಿಲ್ಲ. ಫ್ಲ್ಯಾಟ್ ಮಾರಲು ನಮ್ಮ “ಅನುಮತಿ” ಬೇಕೆಂದಿದ್ದ ಹಳೆಯ ಕಲಮನ್ನೂ ತೆಗೆದಿದ್ದೇವೆ. ಮಾರುವುದು ಮಾಲೀಕರ ಹಕ್ಕು, ಲೆಕ್ಕ ಕೊಡುವುದು ನಮ್ಮ ಕೆಲಸ.

ಬಿಲ್ ತಪ್ಪಾಗಿದೆ ಎನಿಸಿದರೆ ಇಡೀ ಮೊತ್ತವನ್ನು ತಡೆಹಿಡಿಯುವ ಅಭ್ಯಾಸ ಬೇಡ. ತಕರಾರಿಲ್ಲದ ಭಾಗವನ್ನು ಕಟ್ಟಿ, ತಕರಾರಿರುವ ಭಾಗಕ್ಕೆ 30 ದಿನದೊಳಗೆ ಬರಹದಲ್ಲಿ ಆಕ್ಷೇಪ ಕೊಡಿ. ತೀರ್ಮಾನ ನಿಮ್ಮ ಕಡೆಗಾದರೆ ಆ ಭಾಗಕ್ಕೆ ಬಡ್ಡಿ ಇರುವುದಿಲ್ಲ.

ಪಾರ್ಕಿಂಗಿಗೆ ಬರೋಣ. “ನಾನು ಬಿಲ್ಡರಿಗೆ ದುಡ್ಡು ಕೊಟ್ಟು ಕೊಂಡ ಜಾಗ” ಎಂಬ ಮಾತು ಬೇಸ್‌ಮೆಂಟಿನಲ್ಲಿ ದಿನಕ್ಕೊಮ್ಮೆ ಕೇಳುತ್ತದೆ. ತೆರೆದ ಜಾಗವನ್ನೋ ಸ್ಟಿಲ್ಟ್ ಜಾಗವನ್ನೋ ಬಿಲ್ಡರ್ ಪ್ರತ್ಯೇಕ ಆಸ್ತಿಯಂತೆ ಮಾರುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬೈಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2016ರ ರೇರಾ ಕಾಯ್ದೆಯೂ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶದ ಪಟ್ಟಿಯಲ್ಲೇ ಇಟ್ಟಿದೆ. ಹಾಗಂತ ನಾಳೆಯಿಂದ ಯಾರು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದಲ್ಲ. ಹೊಸ ಬೈಲಾದಲ್ಲಿ “ಮಾಲೀಕತ್ವ” ಎಂಬ ಪದ ಹೋಗಿ “ಬಳಕೆಯ ಹಕ್ಕು” ಬಂದಿದೆ. ಈಗಿರುವ ಹಂಚಿಕೆ ಹಾಗೇ ಮುಂದುವರಿಯುತ್ತದೆ. ಅದು ಫ್ಲ್ಯಾಟಿಗೆ ಅಂಟಿಕೊಂಡ ಹಕ್ಕು: ಫ್ಲ್ಯಾಟ್ ಮಾರಿದರೆ ಜೊತೆಗೇ ಹೋಗುತ್ತದೆ, ಬಿಡಿಯಾಗಿ ಮಾರಲಾಗದು, ಹೊರಗಿನವರಿಗೆ ಬಾಡಿಗೆಗೆ ಕೊಡಲಾಗದು. ಸಮುಚ್ಚಯದೊಳಗಿನ ಇನ್ನೊಬ್ಬ ಮಾಲೀಕರಿಗೆ ಅಥವಾ ಬಾಡಿಗೆದಾರರಿಗೆ ಕೊಡುವುದಾದರೆ ಒಂದು ಪುಟದ ಫಾರಂ ತುಂಬಿ ಆಫೀಸಿಗೆ ಕೊಡಿ. ಗರಿಷ್ಠ 11 ತಿಂಗಳು, ಬೇಕಿದ್ದರೆ ಆಮೇಲೆ ಹೊಸ ಫಾರಂ.

ಗೆರೆಯೊಳಗೆ ನಿಲ್ಲುವಷ್ಟೇ ವಾಹನ. ನಮ್ಮ ಗೆರೆಗಳು 2.5 ಮೀಟರ್ ಅಗಲ, 5 ಮೀಟರ್ ಉದ್ದ. ಕಂಬದ ಪಕ್ಕದ ಜಾಗಗಳಲ್ಲಿ ಬಾಗಿಲು ತೆರೆಯಲು ಸಿಗುವ ಅಗಲ ಇನ್ನೂ ಕಡಿಮೆ. ಹೊಸ ಕಾರು ಬುಕ್ ಮಾಡುವ ಮುನ್ನ ಟೇಪು ಹಿಡಿದು ಒಮ್ಮೆ ಅಳೆದು ನೋಡಿ, ಆಮೇಲೆ ಪಕ್ಕದವರ ಗೆರೆ ತುಳಿಯಬೇಡಿ. ಕಾರಿನ ಮುಂದೆ ಗೆರೆಯೊಳಗೇ ಜಾಗ ಉಳಿದರೆ ಅಲ್ಲಿ ಸ್ಕೂಟರ್ ನಿಲ್ಲಿಸಬಹುದು. ಹಳೆಯ ಸೋಫಾ, ಟೈರು, ಪೇಂಟಿನ ಡಬ್ಬ ಇಡುವಂತಿಲ್ಲ. ಬೇಸ್‌ಮೆಂಟಿನಲ್ಲಿ ಬೆಂಕಿಗೆ ಅದಕ್ಕಿಂತ ಒಳ್ಳೆಯ ಸೌದೆ ಬೇರೆ ಇಲ್ಲ.

ಚಕ್ರಕ್ಕೆ ಬೀಗ ಹಾಕಿ ಸಾವಿರ ರೂಪಾಯಿ ದಂಡ ಕೇಳುವ ಪದ್ಧತಿ ನಿಂತಿದೆ. ಅಸೋಸಿಯೇಷನ್ ಪೊಲೀಸ್ ಅಲ್ಲ. ಬೀಗ ಬಿದ್ದ ಕಾರಿನ ಮಾಲೀಕರಿಗೆ ಆಸ್ಪತ್ರೆಗೆ ಹೋಗುವ ತುರ್ತು ಬಂದರೆ, ರಿಮ್ಮಿಗೆ ಗೀರು ಬಿದ್ದರೆ ಹೊಣೆ ನಮ್ಮದೇ. ಈಗ ಸೆಕ್ಯುರಿಟಿಯವರು ಫೋಟೊ ತೆಗೆದು, ಫೋನ್ ಮಾಡಿ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅತಿಥಿ ಜಾಗದಲ್ಲಿ 24 ಗಂಟೆ ಮೀರಿದರೆ ದಿನಕ್ಕೆ 200 ರೂಪಾಯಿ ಬಳಕೆ ಶುಲ್ಕ ಆ ಫ್ಲ್ಯಾಟಿನ ಬಿಲ್ಲಿಗೆ ಸೇರುತ್ತದೆ. ಅಗ್ನಿಶಾಮಕ ವಾಹನದ ದಾರಿ ಮಾತ್ರ ಇದಕ್ಕೆ ಹೊರತು. ಅಲ್ಲಿ ನಿಂತ ವಾಹನದ ಮಾಲೀಕರು 15 ನಿಮಿಷದಲ್ಲಿ ಬರದಿದ್ದರೆ, ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಇಬ್ಬರು ಸಾಕ್ಷಿಗಳ ಎದುರು, ಚಕ್ರದಡಿ ಟ್ರಾಲಿ ಕೊಟ್ಟು ಪಕ್ಕಕ್ಕೆ ಸರಿಸಬಹುದು.

ಹೊಸದಾಗಿ ಸೇರಿದ್ದು ವಿದ್ಯುತ್ ವಾಹನದ ಚಾರ್ಜಿಂಗ್. ಅರ್ಜಿ ಬಂದ 15 ದಿನದಲ್ಲಿ ಸಮಿತಿ ಒಪ್ಪಿಗೆ ಕೊಡಬೇಕು, ಅಥವಾ ತಾಂತ್ರಿಕ ಕಾರಣ ಬರೆದು ಕೊಡಬೇಕು. “ಈಗ ಬೇಡ, ನೋಡೋಣ” ಎಂಬುದು ಕಾರಣವಲ್ಲ. ಷರತ್ತು ಇಷ್ಟೇ: ಕರೆಂಟು ನಿಮ್ಮದೇ ಮೀಟರಿನಿಂದ ಬರಬೇಕು, ಲೈಸೆನ್ಸ್ ಇರುವ ಗುತ್ತಿಗೆದಾರರೇ ವೈರಿಂಗ್ ಮಾಡಬೇಕು, ಮಂಜೂರಾದ ಲೋಡ್ ಸಾಲದಿದ್ದರೆ ಮೊದಲು ವಿದ್ಯುತ್ ಕಂಪನಿಯಿಂದ ಹೆಚ್ಚಿಸಿಕೊಳ್ಳಬೇಕು.

ಇಲ್ಲಿ ಕೈಕೊಡುವುದು ಚಾರ್ಜರ್ ಅಲ್ಲ, ಅದಕ್ಕೆ ಎಳೆದ ತಂತಿ. 16 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 3.3 ಕಿಲೋವ್ಯಾಟ್ ಎಳೆಯುವ ಕಾರು ಆರು ಗಂಟೆ ಒಂದೇ ಸಮನೆ ಎಳೆಯುತ್ತದೆ. ಗೀಸರಿನಂತೆ ಹತ್ತು ನಿಮಿಷಕ್ಕೆ ಆಫ್ ಆಗುವುದಿಲ್ಲ. ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಲೈನಿಗೆ ಜೋಡಿಸಿದರೆ ಆ ಸಣ್ಣ ತಂತಿ ಗೋಡೆಯ ಪೈಪಿನೊಳಗೇ ಕಾಯುತ್ತದೆ. ಮೀಟರ್ ಬೋರ್ಡಿನಿಂದ 50 ಮೀಟರ್ ದೂರದ ಜಾಗಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ 16 ಆಂಪಿಯರಿಗೆ ಸುಮಾರು 9 ವೋಲ್ಟ್ ಇಳಿಯುತ್ತದೆ, ಅದು ಸಹ್ಯ. 7.4 ಕಿಲೋವ್ಯಾಟಿನ ಚಾರ್ಜರಿಗೆ 32 ಆಂಪಿಯರ್ ಬೇಕು. ಅಷ್ಟೇ ದೂರಕ್ಕೆ 10 ಚದರ ಮಿಲಿಮೀಟರಿನ ತಂತಿ ಹಾಕಿದರೆ 7 ವೋಲ್ಟ್ ಆಸುಪಾಸಿಗೆ ನಿಲ್ಲುತ್ತದೆ. ಎರಡಕ್ಕೂ ಪ್ರತ್ಯೇಕ ಎಂಸಿಬಿ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಕಡ್ಡಾಯ. ಎಕ್ಸ್‌ಟೆನ್ಷನ್ ಬೋರ್ಡ್ ನಿಷಿದ್ಧ. ಮೊದಲ ವಾರ ಚಾರ್ಜಿಗೆ ಹಾಕಿದ ಎರಡು ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಚಾರ್ಜಿಂಗ್ ನಿಲ್ಲಿಸಿ ಸಾಕೆಟ್ ಬದಲಿಸಿ. ಒಳಗಿನ ಸ್ಪ್ರಿಂಗ್ ಸಡಿಲವಾಗಿದೆ ಎಂದರ್ಥ.

ಉಳಿದದ್ದು ಸಾಕುಪ್ರಾಣಿ. ಹಳೆಯ ಬೈಲಾದಲ್ಲಿ ನಾಯಿ ಸಾಕುವಂತಿಲ್ಲ ಎಂದಿತ್ತು. ಆಮೇಲೆ “ಸಣ್ಣ ನಾಯಿ ಮಾತ್ರ” ಎಂದು ತಿದ್ದಿ, ತಿಂಗಳಿಗೆ 500 ರೂಪಾಯಿ ಶುಲ್ಕವನ್ನೂ ಹೇರಿದ್ದೆವು. ಮೂರನ್ನೂ ತೆಗೆದಿದ್ದೇವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಬಹುಮತವಿದ್ದರೂ ಅಸೋಸಿಯೇಷನ್ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ತಳಿ ಅಥವಾ ಗಾತ್ರದ ಮೇಲೆ ಭೇದ ಮಾಡುವಂತಿಲ್ಲ, ಲಿಫ್ಟ್ ಬಳಕೆಗೆ ಹಣ ಕೇಳುವಂತಿಲ್ಲ. ಇಂಥ ನಿಷೇಧದ ಕಲಮುಗಳಿಗೆ ಕಾನೂನಿನ ಬಲವಿಲ್ಲ ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ.

ಹಾಗಾದರೆ ಏನು ಉಳಿಯಿತು? ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯ ಸರ್ಟಿಫಿಕೇಟಿನ ಪ್ರತಿ ಮತ್ತು ಒಂದು ಫೋಟೊವನ್ನು ಆಫೀಸಿಗೆ ಕೊಡಿ. ಮನೆಯ ಬಾಗಿಲಾಚೆ ಬಂದಾಗ ನಾಯಿಯ ಬೆಲ್ಟು ದೊಡ್ಡವರ ಕೈಯಲ್ಲಿರಲಿ. ಒಂದೂವರೆ ಮೀಟರಿನ ಬೆಲ್ಟು ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಬೆಲ್ಟಿನಲ್ಲಿ ನಾಯಿ ಲಿಫ್ಟಿನೊಳಗೆ, ಮಾಲೀಕರು ಹೊರಗೆ ಇರುವಾಗಲೇ ಬಾಗಿಲು ಮುಚ್ಚಿಕೊಂಡರೆ ಕುತ್ತಿಗೆಗೆ ಅಪಾಯ, ಅದನ್ನು ತೆರೆದ ಜಾಗಕ್ಕೆ ಇಟ್ಟುಕೊಳ್ಳಿ. ಯಾವ ಲಿಫ್ಟ್ ಬೇಕಾದರೂ ಬಳಸಬಹುದು. ಒಳಗಿದ್ದವರು ಹೆದರಿದರೆ ಮುಂದಿನ ಲಿಫ್ಟಿಗೆ ಕಾಯುವುದು ಸೌಜನ್ಯ. ಬೈಲಾದಲ್ಲಿ ಇದನ್ನು ಕೋರಿಕೆಯೆಂದೇ ಬರೆದಿದ್ದೇವೆ.

ಮಲ ಎತ್ತದಿದ್ದರೆ ದಂಡ ಎಂಬುದೂ ಇಲ್ಲ, ಅದೇ ಮಾರ್ಗಸೂಚಿ ಅಸೋಸಿಯೇಷನ್ನಿಗೆ ಆ ಅಧಿಕಾರ ಕೊಟ್ಟಿಲ್ಲ. ಕೋರಬಹುದು, ಕೋರುತ್ತೇವೆ: ಎತ್ತಿ. ಮೂರು ಕಡೆ ಚೀಲದ ಪೆಟ್ಟಿಗೆ ಇಟ್ಟಿದ್ದೇವೆ. ಎತ್ತಿದ್ದನ್ನು ಹಸಿ ಕಸಕ್ಕೆ ಮಾತ್ರ ಹಾಕಬೇಡಿ. ನಮ್ಮ ಹಸಿ ಕಸ ಗೊಬ್ಬರದ ಗುಂಡಿಗೆ ಹೋಗುತ್ತದೆ. ನಾಯಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆಗಳು ಗುಂಡಿ ಸರಿಯಾಗಿ ಕಾಯದಿದ್ದರೆ ಸಾಯುವುದಿಲ್ಲ, ಅದೇ ಗೊಬ್ಬರ ಮಕ್ಕಳು ಆಡುವ ಹೂಪಾತಿಗೆ ಬೀಳುತ್ತದೆ. ಕಟ್ಟಿದ ಚೀಲ ಡಯಾಪರ್, ಪ್ಯಾಡುಗಳ ಡಬ್ಬಿಗೆ ಹೋಗಲಿ.

ಬೊಗಳುವಿಕೆಯ ದೂರು ಕೊಡುವವರು “ಯಾವಾಗಲೂ” ಎಂದು ಬರೆದರೆ ಯಾರಿಂದಲೂ ಏನೂ ಮಾಡಲಾಗದು. ಒಂದು ವಾರ ದಿನಾಂಕ, ಹೊತ್ತು, ಎಷ್ಟು ನಿಮಿಷ ಎಂದು ಬರೆದುಕೊಡಿ. ಮನೆಯವರು ಆಫೀಸಿಗೆ ಹೋದ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ ಎಂದು ಆ ಪಟ್ಟಿಯಲ್ಲಿ ಕಂಡರೆ ನಾಯಿ ಒಂಟಿತನಕ್ಕೆ ಬೊಗಳುತ್ತಿದೆ. ಅಂಥ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿದರೆ ಅದು ಹೆಚ್ಚೇ ಆಗುತ್ತದೆ. ಆವರಣದ ಬೀದಿನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅನ್ವಯಿಸುತ್ತವೆ. ಊಟ ಹಾಕುವ ಜಾಗವನ್ನು ಮಕ್ಕಳ ಆಟದ ಜಾಗ, ಮೆಟ್ಟಿಲು, ಗೇಟು ಇವುಗಳಿಂದ ದೂರ ಗುರುತಿಸುವುದು ನಮ್ಮ ಹೊಣೆ. ಹಿಂಬದಿಯ ಜನರೇಟರ್ ಕೋಣೆಯ ಆಚೆ ಗುರುತಿಸಿದ್ದೇವೆ.

ಸಾಕಿದ್ದೋ ಬೀದಿಯದೋ, ನಾಯಿ ಕಚ್ಚಿದರೆ ಅಥವಾ ಪರಚಿದರೆ ದೂರು ಬರೆಯುವ ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಲಸಿಕೆಗೆ ಹೋಗಿ. ನಾಯಿಗೆ ಲಸಿಕೆ ಆಗಿದೆ ಎಂಬ ಮಾತು ಕೇಳಿ ಆಸ್ಪತ್ರೆ ತಪ್ಪಿಸಬೇಡಿ. ಆಫೀಸಿನಲ್ಲಿರುವ ಸರ್ಟಿಫಿಕೇಟಿನ ಪ್ರತಿಯನ್ನು ವೈದ್ಯರಿಗೆ ತೋರಿಸಿ, ತೀರ್ಮಾನ ಅವರದು.

ಈಗ ನಿಮ್ಮಿಂದ ಆಗಬೇಕಾದ್ದು: ಘೋಷಣಾ ಪತ್ರದಲ್ಲಿ ನಿಮ್ಮ ಫ್ಲ್ಯಾಟಿನ ಎದುರಿರುವ ಶೇಕಡಾವನ್ನು ನಿಮ್ಮ ಕ್ರಯಪತ್ರದಲ್ಲಿರುವ ಅವಿಭಾಜ್ಯ ಪಾಲಿನೊಂದಿಗೆ ಒಮ್ಮೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಕ್ರಯಪತ್ರದ ಆ ಪುಟದ ಪ್ರತಿಯೊಂದಿಗೆ ಬರೆದುಕೊಡಿ. ತಿದ್ದುಪಡಿ ನೋಂದಣಿಗೆ ಹೋಗುವ ಮೊದಲು ಸರಿಪಡಿಸುವುದು ಸುಲಭ, ಆಮೇಲಾದರೆ ಮತ್ತೊಂದು ತಿದ್ದುಪಡಿಯೇ ಬೇಕು. ಪಾರ್ಕಿಂಗ್ ರಿಜಿಸ್ಟರ್ ಕೂಡ ಆಫೀಸಿನ ಮೇಜಿನ ಮೇಲಿದೆ. ನಿಮ್ಮ ಜಾಗದ ನಂಬರ್ ಸರಿಯಿದ್ದರೆ ಎದುರಿಗೆ ಸಹಿ ಹಾಕಿ. ಬಾಡಿಗೆಗೆ ಕೊಟ್ಟ ಮಾಲೀಕರು ಈ ಪತ್ರದ ಪಾರ್ಕಿಂಗ್ ಮತ್ತು ಸಾಕುಪ್ರಾಣಿಯ ಭಾಗವನ್ನು ಬಾಡಿಗೆದಾರರಿಗೂ ತಲುಪಿಸಿ.

ಇಂತಿ,
ಬೈಲಾ ತಿದ್ದುಪಡಿ ಉಪಸಮಿತಿ
ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್